ನೀಲವ್ವನನ್ನು ಅಗಸಿಯತ್ತ ಅಟ್ಟಿದ್ದು

ನಮ್ಮೂರಿನಲ್ಲಿ ಒಳಗೆ ಹೋದವರು ಕರೆದರೆ ಬರುವುದಿಲ್ಲ, ಅಟ್ಟಬೇಕು. ಇದು ತೊಟ್ಟಿಲ ಕೂಸಿಗೂ ಗೊತ್ತು. ಆದರೂ ಪ್ರತಿ ಸಲ ಮನೆಯವರು ಮೊದಲು ಕರೆದು ನೋಡುತ್ತಾರೆ. ತಲೆದಿಂಬಿನ ಹತ್ತಿರ ಕೂತು ಹೆಸರು ಹಿಡಿದು ಕೂಗುತ್ತಾರೆ, ಇಷ್ಟದ ತಿಂಡಿ ಮಾಡಿ ಮೂಗಿನ ಮುಂದೆ ಹಿಡಿಯುತ್ತಾರೆ, ಹಳೆಯ ಜಗಳವನ್ನೂ ತೆಗೆಯುತ್ತಾರೆ. ಮಲಗಿದವರು ಮುಗುಳ್ನಕ್ಕು ಮಗ್ಗುಲು ಬದಲಿಸುತ್ತಾರೆ, ಅಷ್ಟೇ. ನಿದ್ದೆಯ ಒಳಗೂ ಒಂದು ಊರಿದೆ. ಇದೇ ಊರಿನಂಥ ಊರು. ಅಲ್ಲಿ ಅವರಿಗೆ ಏನೂ ಕಡಿಮೆಯಿಲ್ಲ. ಸುಖವಾಗಿರುವವರು ಯಾಕೆ ಎದ್ದು ಬಂದಾರು? ಕಡೆಗೆ ಪಾದ ತಣ್ಣಗಾಗತೊಡಗಿದ ಮೇಲೆ ನನ್ನ ಬಾಗಿಲಿಗೆ ಬರುತ್ತಾರೆ. ತಣುಪು ಮೊಣಕಾಲು ದಾಟಿತೆಂದರೆ ಆಮೇಲೆ ಕರೆಯಬೇಕಾದದ್ದು ನನ್ನನ್ನಲ್ಲ, ಹೆಗಲು ಕೊಡುವವರನ್ನು.

ನಾನು ಓಟ ಬರೆಯುವವಳು, ಕಾಶವ್ವ. ಅಪ್ಪ ಬರೆಯುತ್ತಿದ್ದ, ಅವನಿಂದ ನನಗೆ ಬಂತು. ಒಳಗಿರುವವರ ಹಿಂದೆ ಏನೋ ಒಂದು ಬೆನ್ನು ಹತ್ತಿದೆ, ಅವರು ಓಡುತ್ತಿದ್ದಾರೆ, ಓಡಿ ಊರ ಅಗಸಿಬಾಗಿಲು ದಾಟುತ್ತಾರೆ ಎಂದು ನಾನು ಹಾಳೆಯ ಮೇಲೆ ಬರೆಯಬೇಕು. ಅವರಿಗೆ ಚೆನ್ನಾಗಿ ಪರಿಚಯವಿರುವ ದನಿಯೊಂದು ಅದನ್ನು ಕಿವಿಯ ಹತ್ತಿರ ಓದಬೇಕು. ಓದಿದಂತೆ ಅವರು ಒಳಗೆ ಓಡುತ್ತಾರೆ. ಅಗಸಿ ದಾಟಿದರೆ ಇಲ್ಲಿ ಕಣ್ಣು ಬಿಡುತ್ತಾರೆ. ಕೇಳಲು ಸಲೀಸು. ಬರೆಯಲು ಕೂತವರಿಗೆ ಗೊತ್ತಾಗುತ್ತದೆ ಕುಂಡಿ ಯಾಕೆ ಉರಿಯುತ್ತದೆಂದು.

ಕೆಳಗಿನ ಓಣಿಯ ಹಂಪಣ್ಣ ಮಾಸ್ತರರೂ ಒಮ್ಮೆ ಕೈ ಹಾಕಿದ್ದರು. ಸಂಸ್ಕೃತ ಬಲ್ಲವರು, ದೊಡ್ಡ ಪದಗಳ ದೊಡ್ಡ ಮನುಷ್ಯರು. ತಮ್ಮ ತಮ್ಮನನ್ನು ಅಟ್ಟಲು ಒಂದೇ ವಾಕ್ಯವನ್ನು ಮುಕ್ಕಾಲು ಹಾಳೆ ಎಳೆದರು. ಓಡುವವರು ಉಸಿರು ತೆಗೆದುಕೊಳ್ಳುವುದು ಪೂರ್ಣವಿರಾಮದಲ್ಲಿ. ವಿರಾಮವೇ ಬರಲಿಲ್ಲ, ಪಾಪ, ಮಲಗಿದ್ದವನ ತುಟಿ ನೀಲಿಗಟ್ಟಿತು. ಅದು ಸಾಲದೆಂದು ನಡುವೆ ಬೆಳ್ಳಿಯ ತಟ್ಟೆಯಂಥ ಚಂದ್ರನನ್ನು ಬರೆದಿದ್ದರು. ಓಡುತ್ತಿದ್ದವನು ನಿಂತು ಚಂದ್ರನನ್ನು ನೋಡತೊಡಗಿದ. ಮಾಸ್ತರರು ಬೆನ್ನು ಹತ್ತಿಸಿದ್ದ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಎದ್ದ ಮೇಲೂ ಆ ಗಾಯ ಇತ್ತು. ಓಡುವವರಿಗೆ ಚಂದ ತೋರಿಸಬಾರದು. ದಾರಿ ತೋರಿಸಬೇಕು.

ಇನ್ನೊಂದು ಮಾತಿದೆ. ಓಟದಲ್ಲಿ ಏನಾದರೂ ಕಳೆಯಲೇಬೇಕು. ಏನೂ ಕಳೆಯದ ಓಟವನ್ನು ಒಳಗಿರುವವರು ನಂಬುವುದಿಲ್ಲ, ಆಟವೆಂದುಕೊಂಡು ನಡುದಾರಿಯಲ್ಲಿ ಕೂತುಬಿಡುತ್ತಾರೆ. ಹಾಗೆ ದಾರಿಯಲ್ಲಿ ಕೈಬಿಟ್ಟದ್ದು ಹೊರಗೂ ಹೋದಂತೆಯೇ. ಪತ್ತಾರ ಮೌನೇಶ ಓಡುವಾಗ ಹೊದ್ದ ಶಾಲು ಬಿಟ್ಟ. ಈಗ ಬೇಸಿಗೆಯ ನಡುಹಗಲಲ್ಲೂ ಕಂಬಳಿ ಹೊದ್ದು ಗಡಗಡ ನಡುಗುತ್ತಾನೆ. ಕಾಲ್ಗೆಜ್ಜೆ ಬಿಟ್ಟ ಹುಡುಗಿಗೆ ತನ್ನ ಹೆಜ್ಜೆಯ ಸದ್ದು ಕೇಳುವುದಿಲ್ಲ. ಹಾಗಾಗಿ ನಾನು ಬರೆಯುವ ಮೊದಲು ಮನೆಯವರನ್ನು ಕೂಡಿಸಿಕೊಂಡು ಕೇಳುತ್ತೇನೆ, ಏನು ಹೋದರೆ ತಡೆದುಕೊಳ್ಳುತ್ತೀರಿ, ಏನು ಹೋದರೆ ತಡೆದುಕೊಳ್ಳಲಾರಿರಿ? ಆ ಪ್ರಶ್ನೆಗೆ ಜನ ನನ್ನನ್ನು ಬಯ್ಯುತ್ತಾರೆ. ಬೈಸಿಕೊಳ್ಳುವುದೂ ಈ ಕೆಲಸದ ಒಂದು ಭಾಗ.

ಆ ದಿನ ಬಂದವಳು ಮುಕ್ತಾ. ಮೇಲಿನ ಕೆರೆಯ ಏರಿಯ ಬುಡಕ್ಕೆ ಖಾನಾವಳಿ ನಡೆಸುವ ನೀಲವ್ವನ ಒಬ್ಬಳೇ ಮಗಳು. ರವಿಕೆ ಹೊಲಿಯುತ್ತಾಳೆ, ಮಾತು ಕಡಿಮೆ. ಗಂಡ ಸತ್ತಾಗ ನೀಲವ್ವನ ಕಂಕುಳಲ್ಲಿ ಈ ಮುಕ್ತಾ ಕೈಗೂಸು. ರೊಟ್ಟಿ ಬೇಯಿಸುವ ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ ಇಟ್ಟುಕೊಂಡು ರೊಟ್ಟಿ ಬಡಿದು ಬಡಿದು ಬೆಳೆಸಿದಳು. ಊರಿನ ಅರ್ಧ ಗಂಡಸರ ಹೊಟ್ಟೆ ಅವಳ ಜೋಳದ ರೊಟ್ಟಿಯಿಂದಲೇ ತುಂಬಿದ್ದು.

"ಅಕ್ಕಾರ, ಅವ್ವ ಒಳಗ ಹೋಗ್ಯಾಳ್ರೀ," ಎಂದಳು ಬಾಗಿಲಲ್ಲೇ ನಿಂತು.

"ಯಾವಾಗ?"

"ಸೋಮಾರ. ರೊಟ್ಟಿ ಬಡದು ಹಂಗ ಗ್ವಾಡಿಗೆ ಒರಗಿದ್ಲು. ಈಗ ಪಾದ ತಣ್ಣಗಾಗ್ಯಾವ."

"ಕರದೇನು?"

"ಕರದೆ."

"ಏನಂದ್ಲು?"

"ನಕ್ಳು," ಎಂದಳು ಮುಕ್ತಾ.

ನಾನು ಹಾಳೆ, ಲೇಖನಿ ಹಿಡಿದು ಅವಳ ಹಿಂದೆ ಹೊರಟೆ. ಖಾನಾವಳಿಯ ಕಟ್ಟೆಯ ಮೇಲೆ ಅಡವೆಪ್ಪ ಕೂತಿದ್ದ. ಹೆಂಡತಿಯಿಲ್ಲದ ಮನುಷ್ಯ, ಎರಡು ಹೊತ್ತೂ ನೀಲವ್ವನ ಪಂಕ್ತಿಯಲ್ಲಿ ಉಣ್ಣುವವನು. ಸೋಮವಾರದಿಂದ ಅವಲಕ್ಕಿ ತಿಂದು ಮುಖ ಇಷ್ಟಾಗಿತ್ತು. ಒಳಗೆ ನೀಲವ್ವ ಚಾಪೆಯ ಮೇಲೆ ಮಲಗಿದ್ದಳು. ಮುಖದಲ್ಲಿ ಎಂಥ ನೆಮ್ಮದಿ! ಎಚ್ಚರವಿದ್ದಾಗ ಅವಳನ್ನು ಹಾಗೆ ನೋಡಿದವರಿಲ್ಲ. ನಾನು ಅವಳ ಕಾಲ ಬಳಿ ಕೂತು ಎರಡೂ ಪಾದ ಹಿಡಿದುಕೊಂಡೆ. ಓಟ ಬರೆಯುವವರ ಜಾಗ ಅದು. ಬರೆದದ್ದು ಹೇಗಿದೆ ಎಂದು ಹೇಳುವುದು ಪಾದಗಳೇ.

"ನಿಮ್ಮವ್ವ ಯಾತಕ್ಕ ಅಂಜತಾಳ?" ಎಂದು ಕೇಳಿದೆ.

"ಯಾತಕ್ಕೂ ಅಂಜಾಕಿ ಅಲ್ರೀ."

"ಊರ ಗೂಳಿಗೆ ಎಲ್ಲಾರೂ ಅಂಜತಾರ," ಎಂದ ಅಡವೆಪ್ಪ ಹೊರಗಿನಿಂದ.

ನನಗೂ ಅದು ಸರಿಯೆನಿಸಿತು. ಗೂಳಿಯನ್ನು ಬರೆದೆ. ಮುಕ್ತಾ ಓದಿದಳು. ಗೂಳಿ ಕೆರೆಯ ಏರಿಯಿಂದ ಇಳಿಯಿತು, ಕೊಂಬು ಬಗ್ಗಿಸಿತು, ಖಾನಾವಳಿಯ ಬಾಗಿಲಿಗೆ ಬಂತು. ನನ್ನ ಕೈಯಲ್ಲಿದ್ದ ಪಾದ ಅಲ್ಲಾಡಲಿಲ್ಲ. ಬದಲಿಗೆ ನೀಲವ್ವನ ಬಲಗೈ ಎದ್ದಿತು, ಗಾಳಿಯಲ್ಲಿ ಗೂಳಿಯ ಕೊರಳಿನ ಗಂಗೆದೊಗಲನ್ನು ನೇವರಿಸಿತು. ಆಮೇಲೆ ನೆನಪಾಯಿತು ಮುಕ್ತಾಳಿಗೆ, ಅವ್ವ ದಿನಾ ತರಕಾರಿ ಸಿಪ್ಪೆ ತಿನ್ನಿಸುತ್ತಿದ್ದದ್ದು ಅದೇ ಗೂಳಿಗೆ ಎಂದು. ಊರಿಗೆಲ್ಲ ಹೆದರಿಕೆಯಾಗುವುದು ಒಬ್ಬರಿಗೆ ಸಾಕುದನ ಆಗಿರಬಹುದು. ಅಟ್ಟುವುದಕ್ಕೆ ಊರಿನ ಭಯ ಸಾಲದು, ಓಡುವವರದೇ ಭಯ ಬೇಕು. ನಾನು ಆತುರಪಟ್ಟಿದ್ದೆ. ಒಂದೊಂದು ಓಟ ಕೆಟ್ಟಾಗಲೂ ತಣುಪು ಮೇಲೇರುತ್ತದೆ. ಹಿಮ್ಮಡಿಯಲ್ಲಿದ್ದದ್ದು ಕಣಕಾಲಿಗೆ ಬಂತು.

"ನೀರು," ಎಂದಳು ಮುಕ್ತಾ ಆಮೇಲೆ. "ಮಳಿ ಜೋರ್ ಬಂದ್ರ ಅವ್ವ ಏರಿ ಕಡೆ ನೋಡಿಕೋತ ನಿಂದರತಿದ್ಲು. ಸಣ್ಣಾಕಿ ಇದ್ದಾಗ ಕೆರಿ ಒಡದಿತ್ತಂತ. ಯಾಕ ನೋಡತಿ ಅಂದ್ರ, ಏನಿಲ್ಲ ಅಂತಿದ್ಲು."

ಏನಿಲ್ಲ ಅಂದವರಲ್ಲೇ ಎಲ್ಲ ಇರುತ್ತದೆ. ನನಗೆ ಅಟ್ಟುವವನು ಸಿಕ್ಕಿದ. ನೀರಿನಂಥ ಅಟ್ಟುವವನಿಲ್ಲ. ಅದಕ್ಕೆ ಅದರದೇ ಕಟ್ಟುಪಾಡು ಇದೆ. ಇಳಿಜಾರು ಬಿಟ್ಟು ಹೋಗುವುದಿಲ್ಲ. ದಾರಿ ಅಗಲವಾದರೆ ನಿಧಾನ, ಕಿರಿದಾದರೆ ಜೋರು. ಅದು ಯಾವಾಗ ಎಷ್ಟು ಹತ್ತಿರ ಬಂದೀತೆಂದು ಓಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಎದೆ ಹೊಡೆದುಕೊಳ್ಳುವುದು ಆ ಗೊತ್ತಿನಿಂದ. ಎಲ್ಲಿಂದಲೋ ಧುತ್ತೆಂದು ಬಂದು ಬಿದ್ದ ಅಪಾಯ ಬರೀ ಬೆಚ್ಚಿಸುತ್ತದೆ, ಓಡಿಸುವುದಿಲ್ಲ.

ದಾರಿಯೂ ಸರಳ. ಖಾನಾವಳಿಯಿಂದ ಅಗಸಿಯವರೆಗೆ ಒಂದೇ ಬೀದಿ, ಉದ್ದಕ್ಕೂ ಇಳಿಜಾರು. ಇಳಿಯುವವರ ಎಡಕ್ಕೆ ಕೋಟೆಗೋಡೆ, ಬಲಕ್ಕೆ ಮನೆಗಳು. ನಡುವೆ ಬೀದಿ ಅಗಲವಾಗುವ ಕಡೆ ಬಾವಿಕಟ್ಟೆ. ಬಾವಿ ದಾಟಿದರೆ ಬಲಕ್ಕೆ ಹಿಟ್ಟಿನ ಗಿರಣಿ. ಅಲ್ಲಿ ಬೀದಿ ಗಿರಣಿಗೂ ಗೋಡೆಗೂ ನಡುವೆ ಕಿರಿದಾಗುತ್ತದೆ. ಅದರಾಚೆ ಅಗಸಿ. ಕೋಟೆಗೋಡೆ ಎಡಗೈಗೆ ಇದೆಯೆಂದು ಒಮ್ಮೆ ಹೇಳಿಬಿಟ್ಟರೆ ಓಡುವವರಿಗೆ ಕಡೆಯವರೆಗೂ ದಿಕ್ಕು ತಪ್ಪುವುದಿಲ್ಲ. ಅಪ್ಪ ಹೇಳುತ್ತಿದ್ದ, ಬದಲಾಗದ ಒಂದು ವಸ್ತುವನ್ನು ಓಡುವವರ ಒಂದು ಕೈಗೆ ಕೊಡು, ಆಮೇಲೆ ನೀನು ಬೇಕಾದಷ್ಟು ಹೆದರಿಸು.

ಬರೆದೆ. ಮುಕ್ತಾ ಓದಿದಳು. ಏರಿ ಕುಸಿಯಿತು ಅನ್ನುತ್ತಲೇ ನೀಲವ್ವನ ಹೆಬ್ಬೆರಳು ನೆಟ್ಟಗಾಯಿತು. ಪಾದ ಬಡಿಯತೊಡಗಿತು. ನನಗೆ ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುವ ಗಳಿಗೆ ಅದು. ಮಲಗಿದ ಹೆಂಗಸು, ಮುಚ್ಚಿದ ಕಣ್ಣು, ನನ್ನ ಮಡಿಲಲ್ಲಿ ಓಡುವ ಎರಡು ಕಾಲು. ಬಾವಿ ದಾಟಿದಳು. "ಗಿರಣಿಯ ಗೋಡೆ ಹಿಡಿದು ನೇರ ಓಡಿದಳು," ಎಂದು ಓದಿದಳು ಮುಕ್ತಾ. ಧಪ್ಪೆಂದು ಸದ್ದಾಯಿತು. ನೀಲವ್ವನ ತಲೆ ದಿಂಬಿನಿಂದ ಹಾರಿ ಬಿತ್ತು. ಕಾಲು ನಿಂತವು. ನಾವು ನೋಡುತ್ತಿದ್ದಂತೆ ಅವಳ ಬಲಹುಬ್ಬಿನ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತು.

ಮುಕ್ತಾ ಹಾಳೆ ಕೆಳಗಿಟ್ಟು ಅವ್ವನ ಹಣೆ ಹಿಡಿದುಕೊಂಡಳು. "ಅಕ್ಕಾರ, ಏನ್ ಬರದೀರಿ ನೀವು? ಯಾತಕ್ಕ ಬಡದ್ಲು ಅವ್ವ?"

ಗಿರಣಿಯ ಮುಂದೆ ಬಡಿಯುವಂಥದ್ದು ಏನೂ ಇಲ್ಲ. ನಾನು ಬೆಳಗ್ಗೆ ಅದೇ ದಾರಿಯಲ್ಲಿ ಬಂದವಳು. ನಾನು ಹಾಗೆಂದಾಗ ಅಡವೆಪ್ಪ ಒಳಗೆ ಇಣುಕಿದ. "ಈಗಿಲ್ಲ. ಮೊದಲ ಅಲ್ಲಿ ಗಿರಣಿ ಹತ್ತಾಕ ಕಲ್ಲಿನ ಪಾವಟಿಗಿ ಇದ್ವು ನೋಡ್ರಿ, ಬೀದಿಗೇ ಬಂದಿದ್ವು. ನೀಲವ್ವ ಈ ಒಲಿ ಬಿಟ್ಟು ಆ ಕಡೆ ಇಳದು ಯಾವ ಕಾಲಾತು? ಹೊಸಾ ಗಿರಾಕಿಗೆ ದಾರಿ ಹೇಳಿದ್ರ ನಾವು ನಗತಿದ್ವಿ. ಹುಣಸಿಮರದ ಬಲಕ್ಕ ಹಾಯ್ರಿ ಅಂತಿದ್ಲು. ಹುಣಸಿಮರ ಎಲ್ಲೈತಿ?"

"ಕದ ಹಾಕೂದ್ರಾಗ ಅಗಸಿ ದಾಟ್ರಿ ಅಂತನೂ ಅಂತಿದ್ಲು," ಎಂದಳು ಮುಕ್ತಾ ಮೆಲ್ಲಗೆ. ಅಗಸಿಯ ಕದಗಳು ಹುಳ ಹಿಡಿದು ಬಿದ್ದು ಒಂದು ತಲೆಮಾರಾಯಿತು.

ನಾನು ತಲೆ ತಲೆ ಚಚ್ಚಿಕೊಂಡೆ. ಓಡುತ್ತಿದ್ದದ್ದು ನೀಲವ್ವ, ಬರೆದದ್ದು ನನ್ನ ಊರು. ಅವಳ ಊರಿನಲ್ಲಿ ಬಾವಿಯ ಪಕ್ಕ ಹುಣಸೆಮರವಿದೆ, ಗಿರಣಿಯ ಮುಂದೆ ಪಾವಟಿಗೆಗಳಿವೆ, ಅಗಸಿಗೆ ಕದವಿದೆ, ಕದಕ್ಕೆ ಒಳಗಿನಿಂದ ಅಗುಳಿ ಇದೆ. ಮುಕ್ತಾಳನ್ನು ಎದುರು ಕೂಡಿಸಿಕೊಂಡು ಅವಳ ಅವ್ವ ಜನರಿಗೆ ದಾರಿ ಹೇಳುತ್ತಿದ್ದ ಮಾತುಗಳನ್ನೆಲ್ಲ ಹೇಳಿಸಿದೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಎಲ್ಲಿ ಬಗ್ಗಬೇಕು, ಎಲ್ಲಿ ಜಾರುತ್ತದೆ. ಅವಳು ಹೇಳುತ್ತ ಹೋದಂತೆ ಇಲ್ಲದ ಊರೊಂದು ನಮ್ಮಿಬ್ಬರ ನಡುವೆ ಎದ್ದು ನಿಂತಿತು. ಅಗುಳಿ ತೆಗೆದೇ ಇದೆ ಎಂದು ಬರೆದುಬಿಡಿ ಎಂದ ಅಡವೆಪ್ಪ. ಬರೆಯಬಹುದಿತ್ತು. ಆದರೆ ಅವಳು ಅದನ್ನು ಹಾಕಿದ್ದಾಗಲೇ ನೋಡಿದವಳು. ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬುತ್ತಾಳೆಯೆ? ಮತ್ತೊಂದು ಬುಗುಟು ಏಳುತ್ತದೆ, ಅಷ್ಟೇ.

ಲೆಕ್ಕ ಹಾಕುತ್ತಿದ್ದಾಗ ಇನ್ನೊಂದು ಹೊಳೆಯಿತು. ಹುಣಸೆಮರ ಬಿದ್ದದ್ದು ಮುಕ್ತಾ ಅಂಬೆಗಾಲು ಬಿಟ್ಟು ನಡೆಯಲು ಕಲಿತ ವರ್ಷ. ಆ ಮರ ಇರುವ ಊರಿನಲ್ಲಿ ಮುಕ್ತಾ ಇನ್ನೂ ಕೂಸು. ನೀರು ಬಂತೆಂದರೆ ನೀಲವ್ವ ಮೊದಲು ಎತ್ತಿಕೊಳ್ಳುವುದು ಆ ಕೂಸನ್ನು. ನಾನು ಬರೆದರೂ ಎತ್ತಿಕೊಳ್ಳುತ್ತಾಳೆ, ಬರೆಯದಿದ್ದರೂ ಎತ್ತಿಕೊಳ್ಳುತ್ತಾಳೆ. ಆ ಕೂಸು ದಾರಿಯಲ್ಲಿ ಕೈಬಿಟ್ಟರೆ ಎದ್ದ ಮೇಲೆ ಅವಳಿಗೆ ಮಗಳೇ ಇಲ್ಲ.

ಇದನ್ನು ಮುಕ್ತಾಳಿಗೆ ಹೇಳಿದೆ.

"ನನ್ನ ಬಿಟ್ಟು ಏನರ ಹೋಗ್ಲಿ ಅಕ್ಕಾರ. ಬ್ಯಾರೆ ಏನರ ಅಕಿ ಕೈಯಾಗ ಕೊಡ್ರಿ. ಅದನ್ನ ಬಿಡಲಿ."

"ಏನ್ ಕೊಡ್ಲಿ? ಸುಮ್ಮ ಸಣ್ಣದು ಕೊಟ್ರ ಆಗಂಗಿಲ್ಲ. ಕಳಕೊಂಡ್ರ ನೋಯಬೇಕು."

ಅವಳು ಒಲೆಯ ಕಡೆ ನೋಡಿದಳು. "ಹಂಚು. ಹಂಚು ಕೊಡ್ರಿ. ರೊಟ್ಟಿ ಬಡಿಯೂದು ಮರತ್ರ ಮರೀಲಿ, ಖಾನಾವಳಿ ಮುಚ್ಚಿದ್ರ ಮುಚ್ಚಲಿ. ನಾ ಹೊಲದು ಸಾಕತೀನಿ. ನನ್ನ ಗುರುತು ಒಂದು ಉಳಿಸ್ರಿ."

ಅಡವೆಪ್ಪ ಹೊರಗೆ ಕೆಮ್ಮಿದ.

ತಣುಪು ಆಗಲೇ ಮೀನಖಂಡಕ್ಕೆ ಬಂದಿತ್ತು. ಇನ್ನೊಂದು ಓಟ ಕೆಡುವ ಹಾಗಿರಲಿಲ್ಲ. ನಾನು ಒಲೆಯ ಬೂದಿಯ ಹತ್ತಿರ ಕೂತು ಬರೆದೆ. ಒಂದೊಂದು ವಾಕ್ಯವನ್ನೂ ಬಾಯಲ್ಲಿ ಹೇಳಿ, ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಕಡಿದೆ. ಬರೀ ಕಡಿದರೂ ಕೆಟ್ಟದ್ದು, ಓಡುವವರು ಏದುಸಿರು ಬಿಟ್ಟು ಬೀಳುತ್ತಾರೆ. ಬಾವಿಕಟ್ಟೆಯ ಹತ್ತಿರ ಬೀದಿ ಅಗಲವಾಗುತ್ತದೆ, ನೀರು ಹರಡಿಕೊಳ್ಳುತ್ತದೆ. ಅಲ್ಲಿ ಒಂದು ವಾಕ್ಯವನ್ನು ಸ್ವಲ್ಪ ಉದ್ದ ಬಿಟ್ಟೆ, ಅವಳಿಗೆ ಎದೆ ತುಂಬ ಗಾಳಿ ಸಿಗಲೆಂದು. ಆಮೇಲೆ ಗಿರಣಿಯ ಕಿರಿದಿನಲ್ಲಿ ಮತ್ತೆ ಕಡಿದೆ. ನೀರನ್ನು ಮೊದಲು ಕಿವಿಗೆ ಕೊಟ್ಟೆ, ಆಮೇಲೆ ಕಣ್ಣಿಗೆ, ಕಡೆಗೆ ಹಿಮ್ಮಡಿಗೆ. ಅಗಸಿಯ ಅಗುಳಿ ಎತ್ತಲು ಒಂದು ಕೈ ಖಾಲಿ ಬೇಕು. ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಹಂಚು. ಹಂಚು ಬಿಡುತ್ತಾಳೆ, ಅಗುಳಿ ಎತ್ತುತ್ತಾಳೆ. ಬರೆದು ಮುಗಿಸಿ ನನಗೆ ಒಳ್ಳೆಯ ಓಟ ಅನಿಸಿತು. ಈಗಲೂ ಅನಿಸುತ್ತದೆ.

ಮುಕ್ತಾ ಅವ್ವನ ಕಿವಿಗೆ ಬಾಗಿದಳು. ನಾನು ಪಾದ ಹಿಡಿದೆ.

"ನೀಲವ್ವ ಒಲೆಯ ಮುಂದೆ ಕೂತಿದ್ದಳು. ಮಗಳು ಹೊಸ್ತಿಲ ಬಳಿ ಆಡುತ್ತಿದ್ದಳು. ಹಿಂದೆ ಏರಿಯ ಮೇಲೆ ಮಣ್ಣು ಕುಸಿಯಿತು. ನೀಲವ್ವ ಆ ಸದ್ದನ್ನು ಬಲ್ಲಳು."

ಹೆಬ್ಬೆರಳು ನೆಟ್ಟಗಾಯಿತು.

"ಎದ್ದಳು. ಹಂಚಿಗೆ ಸೆರಗು ಸುತ್ತಿ ಬಲಗೈಗೆ ತೆಗೆದುಕೊಂಡಳು. ಮಗಳನ್ನು ಎಡಗಂಕುಳಿಗೆ ಎತ್ತಿಕೊಂಡಳು. ಬೀದಿಗೆ ಬಂದಳು. ಎಡಕ್ಕೆ ಕೋಟೆಗೋಡೆ. ಬಲಕ್ಕೆ ಮನೆಗಳು. ಮುಂದೆ ಇಳಿಜಾರು. ಕೆಳಗೆ ಅಗಸಿ."

ಚಾಪೆಯ ಮೇಲೆ ನೀಲವ್ವನ ಎಡಗೈ ಮಡಿಚಿಕೊಂಡಿತು. ಪಕ್ಕೆಯ ಹತ್ತಿರ, ಒಂದು ಕೂಸು ಹಿಡಿಸುವಷ್ಟು ಜಾಗ ಬಿಟ್ಟು. ಬಲಗೈ ಮುಷ್ಟಿ ಕಟ್ಟಿತು. ಮುಕ್ತಾ ಅದನ್ನು ನೋಡಿದಳು. ದನಿ ಒಡೆಯಲಿಲ್ಲ, ಓದಿದಳು.

"ಓಡಿದಳು. ಹಿಂದೆ ನೀರಿನ ಸದ್ದು. ಕಲ್ಲು ಉರುಳುವ ಸದ್ದು. ತಿರುಗಿ ನೋಡಿದಳು. ನೀರು ಖಾನಾವಳಿಯ ಬಾಗಿಲಲ್ಲಿತ್ತು. ಓಡಿದಳು. ನೀರು ಕೆಂಪಗಿತ್ತು. ಮುಂದೆ ಹುಣಸೆಮರ. ಮರದ ಬಲಕ್ಕೆ ಹಾಯ್ದಳು."

ಪಾದಗಳು ನನ್ನ ಕೈಯನ್ನು ಒದೆಯುತ್ತಿದ್ದವು. ಬಲಕ್ಕೆ ಹಾಯ್ದಳು ಎಂದಾಗ ಎರಡೂ ಬಲಕ್ಕೆ ವಾಲಿದವು. ಅವಳಿಗೆ ಮರ ಸಿಕ್ಕಿತ್ತು. ನಮ್ಮ ಯಾರ ಕಣ್ಣಿಗೂ ಇಲ್ಲದ ಮರದ ಬೇರನ್ನು ದಾಟುವಾಗ ಅವಳ ಎಡಗಾಲು ಮೇಲೆದ್ದಿತು, ನಾನು ಬೇರನ್ನು ಬರೆದಿರಲಿಲ್ಲ. ನನ್ನ ಕಣ್ಣು ತುಂಬಿದವು.

"ಬಾವಿಕಟ್ಟೆಯ ಹತ್ತಿರ ಬೀದಿ ಅಗಲವಾಯಿತು, ನೀರು ಹರಡಿ ನಿಧಾನವಾಯಿತು, ಅವಳು ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡಳು. ಮಗಳು ಅವಳ ಕೊರಳು ತಬ್ಬಿದಳು. ಒಂದು ಚಪ್ಪಲಿ ತೇಲಿಬಂತು. ಅವಳನ್ನು ದಾಟಿ ಹೋಯಿತು. ಮುಂದೆ ಗಿರಣಿ. ಬಲಕ್ಕೆ ಪಾವಟಿಗೆಗಳು. ಎಡಕ್ಕೆ ಸರಿದಳು. ಭುಜ ಕೋಟೆಗೋಡೆಗೆ ಉಜ್ಜಿತು. ಬೀದಿ ಕಿರಿದು. ನೀರು ಜೋರಾಯಿತು. ಹಿಮ್ಮಡಿ ನೆನೆಯಿತು. ಕಣಕಾಲು ನೆನೆಯಿತು. ಅಗಸಿ."

ನೀಲವ್ವನ ಎಡಭುಜದ ಮೇಲೆ ಕೆಂಪು ತರಚು ಮೂಡಿತು. ತಡೆದುಕೊಳ್ಳಬಹುದಾದ ಗಾಯ. ಪಾವಟಿಗೆ ದಾಟಿದ್ದಳು. ಅಡವೆಪ್ಪ ಹೊಸ್ತಿಲ ಮೇಲೆ ಕೈಮುಗಿದು ನಿಂತಿದ್ದ.

"ಕದ ಹಾಕಿತ್ತು. ಅಗುಳಿ ಅಡ್ಡ ಇತ್ತು. ಒಂದು ಕೈ ಬೇಕು. ನೀಲವ್ವ ಹಂಚು ಬಿಟ್ಟಳು."

ಮುಷ್ಟಿ ಬಿಚ್ಚಲಿಲ್ಲ.

"ನೀಲವ್ವ ಹಂಚು ಬಿಟ್ಟಳು," ಮುಕ್ತಾ ಮತ್ತೆ ಓದಿದಳು.

ಮುಷ್ಟಿ ಇನ್ನೂ ಬಿಗಿಯಾಯಿತು. ಗೆಣ್ಣುಗಳು ಬಿಳಿಚಿದವು. ನನ್ನ ಕೈಯಲ್ಲಿ ತಣುಪು ಮೇಲೇರಿತು, ನಿಜವಾದ ನೀರು ಏರುವ ಹಾಗೆ, ಮೀನಖಂಡದಿಂದ ಮೊಣಕಾಲಿನ ಚಿಪ್ಪಿನ ಕೆಳಗಿನವರೆಗೆ. ನಾನು ಬರೆದ ಓಟದಲ್ಲಿ ಯಾರೂ ನನ್ನ ಮಾತು ಮೀರಿದ್ದಿಲ್ಲ. ಇವಳು ಮೀರಿದಳು. ನಾನೂ ಮುಕ್ತಾಳೂ ಲೆಕ್ಕ ಹಾಕಿ, ಹಂಚು ಬೇರೆ ಕೂಸು ಬೇರೆ ಎಂದುಕೊಂಡಿದ್ದೆವು. ಹಂಚು ಬಿಟ್ಟು ಅಗಸಿ ದಾಟಿದರೆ ನಾಳೆ ಕೂಸಿಗೆ ಏನು ಹಾಕುವುದು? ಗಂಡ ಸತ್ತ ದಿನದಿಂದ ಆ ಹೆಂಗಸು ಕೇಳಿಕೊಂಡು ಬಂದ ಒಂದೇ ಪ್ರಶ್ನೆ ಅದು. ನೀರು ಬಂದರೂ ಅವಳು ಅದನ್ನೇ ಕೇಳುತ್ತ ಕದದ ಮುಂದೆ ನಿಂತಿದ್ದಳು.

"ಮುಕ್ತಾ," ಎಂದೆ, "ತಡಿ, ಬ್ಯಾರೆ ಬರೀತೀನಿ." ಹಾಳೆಗೆ ಕೈ ಚಾಚಿದೆ. ಹೊತ್ತಿರಲಿಲ್ಲ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮುಕ್ತಾ ಹಾಳೆಯನ್ನು ಮಗ್ಗುಲಿಗಿಟ್ಟಳು. ಅವ್ವನ ಬಲಮುಷ್ಟಿಯನ್ನು ನೋಡಿದಳು. ಮಡಿಚಿದ ಎಡಗೈಯನ್ನು ನೋಡಿದಳು, ಅದರೊಳಗಿನ ಖಾಲಿ ಜಾಗವನ್ನು. ಮತ್ತೆ ಕಿವಿಗೆ ಬಾಗಿದಳು. ಅವಳು ಹೇಳಿದ್ದು ನಾನು ಬರೆದದ್ದಲ್ಲ. ಆದರೆ ನಾನು ಬರೆದಷ್ಟೇ ಚಿಕ್ಕ ವಾಕ್ಯಗಳು, ಒಂದೊಂದೂ ಒಂದು ಉಸಿರು.

"ನೀರು ಮೊಣಕಾಲಿಗೆ ಬಂತು. ಮಗಳು ಅವ್ವನ ಕೊರಳು ಬಿಟ್ಟಳು. ಅವ್ವ ಬಿಡಲಿಲ್ಲ. ಮಗಳೇ ಬಿಟ್ಟಳು. ಜಾರಿ ಕೆಳಗಿಳಿದಳು. ಕದದ ಕೆಳಗೆ ಸಂದಿ ಇತ್ತು. ಕೂಸು ನುಸುಳುವಷ್ಟು ಸಂದಿ. ನುಸುಳಿ ಹೋದಳು. ಅಳಲಿಲ್ಲ. ಅವ್ವನ ಎಡಗೈ ಖಾಲಿಯಾಯಿತು."

ನೀಲವ್ವನ ಗಂಟಲಿನಿಂದ ಒಂದು ಸದ್ದು ಬಂತು. ಅಂಥದ್ದನ್ನು ನಾನು ಕೇಳಿಲ್ಲ, ಮತ್ತೆ ಕೇಳುವುದೂ ಬೇಡ. ಎಡಗೈ ಬಿಚ್ಚಿಕೊಂಡಿತು. ಬೆರಳುಗಳು ಗಾಳಿಯಲ್ಲಿ ಹುಡುಕಿದವು, ಸಿಗಲಿಲ್ಲ.

"ಅಗುಳಿ ಎತ್ತವ್ವಾ," ಎಂದಳು ಮುಕ್ತಾ. "ಎಡಗೈಲೆ ಎತ್ತು. ಹಂಚು ಬಿಡಬ್ಯಾಡ. ಎತ್ತು. ಕದ ತೆರೀತು. ಹೊರಗ ಬಾ."

ಎಡಗೈ ಮೇಲೆದ್ದಿತು, ತೂಕದ್ದೇನನ್ನೋ ಎತ್ತುವ ಹಾಗೆ ನಡುಗಿತು, ಎತ್ತಿತು. ನನ್ನ ಕೈಯಲ್ಲಿದ್ದ ಕಾಲುಗಳು ಒಮ್ಮೆ ಜೋರಾಗಿ ಒದ್ದು ನಿಂತವು. ಆಮೇಲೆ ಬಿಸಿ ಬಂತು. ಮೊಣಕಾಲಿನಿಂದ ಕೆಳಗೆ ಇಳಿಯಿತು, ಕಣಕಾಲಿಗೆ, ಹಿಮ್ಮಡಿಗೆ, ಬೆರಳ ತುದಿಗೆ. ಈ ಕೆಲಸ ಮಾಡುತ್ತ ಮುದುಕಿಯಾಗಿದ್ದೇನೆ. ಬಿಸಿ ಇಳಿದು ಬರುವಾಗ ನಾನು ಪಾದಗಳಿಗೆ ಹಣೆ ಹಚ್ಚಿದ್ದು ಅದೇ ಮೊದಲು. ಯಾರ ಪಾದಕ್ಕೆ ಹಚ್ಚಿದೆ, ಓಡಿದ ಅವ್ವನದಕ್ಕೋ ಓಡಿಸಿದ ಮಗಳದಕ್ಕೋ, ಹೇಳಲಾರೆ.

ನೀಲವ್ವ ಕಣ್ಣು ಬಿಟ್ಟಳು. ಸೂರು ನೋಡಿದಳು, ಒಲೆ ನೋಡಿದಳು. "ಎಷ್ಟೊತ್ತಾತು? ಜನ ಬರೂ ಹೊತ್ತಾತಲ್ಲ," ಎಂದಳು. ಎದ್ದು ಕೂತಳು. ಬಾಗಿಲಲ್ಲಿ ನಿಂತಿದ್ದವನನ್ನು ಗುರುತಿಸಿದಳು. "ಏನೋ ಅಡವೆಪ್ಪಾ, ಹಿಂಗ್ಯಾಕ ನಿಂತಿ?" ನನ್ನನ್ನೂ ಗುರುತಿಸಿದಳು. ಆಮೇಲೆ ಅವಳ ಕಣ್ಣು ಪಕ್ಕದಲ್ಲಿ ಕೂತಿದ್ದ ಮುಕ್ತಾಳ ಮೇಲೆ ಬಿತ್ತು. ಬಹಳ ಹೊತ್ತು ನೋಡಿದಳು. ಸೆರಗು ಸರಿಮಾಡಿಕೊಂಡಳು, ಪರಸ್ಥಳದವರ ಮುಂದೆ ಹೆಂಗಸರು ಮಾಡಿಕೊಳ್ಳುವ ಹಾಗೆ.

"ನೀವು ಯಾರ್ರೀ, ತಂಗೀ?"

ನಾನು ಬಾಯಿ ತೆರೆದೆ. ಮುಕ್ತಾ ನನ್ನ ಮೊಣಕೈ ಹಿಡಿದು ಒತ್ತಿದಳು. ಹೇಳಿ ಪ್ರಯೋಜನವಿಲ್ಲ ಎಂಬುದು ಈ ಊರಿನಲ್ಲಿ ಹುಟ್ಟಿದ ಅವಳಿಗೂ ಗೊತ್ತು. ಮೌನೇಶನಿಗೆ ಎಷ್ಟು ಜನ ಬಿಸಿಲಿದೆ ಎಂದು ಹೇಳಿದರು, ಅವನ ನಡುಕ ನಿಂತಿತೆ?

"ಉಣ್ಣಾಕ ಬಂದಿದ್ದೆ," ಎಂದಳು ಮುಕ್ತಾ.

"ಅಯ್ಯ, ಹಂಗಾರ ಅಳತೀರಿ ಯಾಕ? ಹಸದ್ರೇನು?" ನೀಲವ್ವ ಗೋಡೆ ಹಿಡಿದು ಎದ್ದಳು. ಒಲೆ ಹೊತ್ತಿಸಿದಳು. ಕೊಣಮಿಗೆಯಲ್ಲಿ ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸದ್ದು ಕೇಳಿ ಬೀದಿಯ ಜನ ಕಟ್ಟೆಯ ಮುಂದೆ ಕೂಡಿದರು. ತಟ್ಟುತ್ತ ತಟ್ಟುತ್ತ ಅವಳು ನಡುವೆ ಒಮ್ಮೆ ನಿಲ್ಲಿಸಿ ತನ್ನ ಎಡಗಂಕುಳನ್ನು ನೋಡಿಕೊಂಡಳು, ಏನೋ ಮರೆತವರ ಹಾಗೆ. ಮತ್ತೆ ತಟ್ಟಿದಳು.

ಮುಕ್ತಾ ಪಂಕ್ತಿಯಲ್ಲಿ ಅಡವೆಪ್ಪನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು, ತನ್ನ ಮನೆಯಲ್ಲೇ ಗಿರಾಕಿಯಾಗಿ. ಮೊದಲ ರೊಟ್ಟಿ ಅವಳ ತಟ್ಟೆಗೆ ಬಿತ್ತು. ನೀಲವ್ವ ಅವಳೆದುರು ಕುಕ್ಕರಗಾಲಲ್ಲಿ ಕೂತು ಬೆಣ್ಣೆ ಹಾಕಿದಳು. ಬೇರೆ ಗಿರಾಕಿಗಳಿಗೆ ಕೇಳದೆ ಬೆಣ್ಣೆ ಹಾಕಿದವಳಲ್ಲ. ಅವಳಿಗೇ ಆಶ್ಚರ್ಯವಾದಂತೆ ಕಂಡಿತು, ಬೆಣ್ಣೆಯ ಬೆರಳನ್ನೊಮ್ಮೆ ನೋಡಿಕೊಂಡಳು.

"ಯಾವೂರು ತಂಗೀ ನಿಮ್ಮದು?"

"ಇದ ಊರ್ರೀ."

"ಹೌದೇನು? ನೋಡಿದಂಗ ಇಲ್ಲಲ್ಲ." ಇನ್ನೊಂದು ರೊಟ್ಟಿ ಹಾಕಿದಳು. "ಭಾಳ ಸಣ್ಣಾಗೀರಿ. ಮನ್ಯಾಗ ನೋಡಿಕೊಳ್ಳಾವರಿಲ್ಲೇನು? ನಾಳೆನೂ ಬರ್ರಿ ಇಲ್ಲಿಗೇ."

"ಬರ್ತೀನ್ರೀ," ಎಂದಳು ಮುಕ್ತಾ. ತಲೆ ಬಗ್ಗಿಸಿ ರೊಟ್ಟಿ ಮುರಿದಳು.